ಸಾಫ್ಟ್‌ವೇರ್ ಕರಾರಿನ ಹೊಣೆಗಾರಿಕೆ ಮಿತಿ, ನಷ್ಟಭರ್ತಿ ಮತ್ತು ಕಾಲಮಿತಿ: ಖರೀದಿ ವಿಭಾಗದ ಅಪಾಯ ಪಟ್ಟಿಗಾಗಿ ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳೆಲ್ಲ ಒಂದೇ ಉದಾಹರಣೆಯನ್ನು ಹಿಡಿದು ಸಾಗುತ್ತವೆ. ಪೀಣ್ಯದ ಒಂದು ತಯಾರಿಕಾ ಕಂಪನಿ ತನ್ನ 1,800 ನೌಕರರ ಸಂಬಳದ ಲೆಕ್ಕಕ್ಕೆ ಅಮೆರಿಕದ ವೆಂಡರ್‌ನಿಂದ ಕ್ಲೌಡ್ ತಂತ್ರಾಂಶವನ್ನು ಕೊಳ್ಳುತ್ತಿದೆ ಎಂದು ಇಟ್ಟುಕೊಳ್ಳೋಣ. ವಾರ್ಷಿಕ ಶುಲ್ಕ 36 ಲಕ್ಷ ರೂಪಾಯಿ. ಅದನ್ನು ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಮತ್ತು ಜನವರಿ 1ರಂದು ತಲಾ 9 ಲಕ್ಷದ ಕಂತುಗಳಲ್ಲಿ ಮುಂಗಡವಾಗಿ ಕಟ್ಟಬೇಕು. ಅಳವಡಿಕೆಯ ಕೆಲಸಕ್ಕೆ ಪ್ರತ್ಯೇಕ ವರ್ಕ್ ಆರ್ಡರ್ ಮೂಲಕ 8 ಲಕ್ಷ. ಕರಾರಿಗೆ ನ್ಯೂಯಾರ್ಕ್ ರಾಜ್ಯದ ಕಾನೂನು ಅನ್ವಯ. ಕಂಪನಿ, ಮೊತ್ತ, ಷರತ್ತಿನ ಸಂಖ್ಯೆಗಳೆಲ್ಲ ಕಲ್ಪಿತ. ಷರತ್ತುಗಳ ಧಾಟಿ ಮಾತ್ರ ಮಾರುಕಟ್ಟೆಯಲ್ಲಿ ದಿನನಿತ್ಯ ಕಾಣುವಂಥದ್ದು.

ಪಟ್ಟಿ ಮಾಡಲು ಕೂರುವ ಮೊದಲು ಯಾವ ಯಾವ ದಾಖಲೆಗಳು ಕೈಯಲ್ಲಿರಬೇಕು?

ಸಹಿ ಹಾಕಲು ಬರುವ ಆರ್ಡರ್ ಫಾರಂ ಸಾಮಾನ್ಯವಾಗಿ ಎರಡು ಮೂರು ಪುಟದ್ದು, ಮತ್ತು ಹೊಣೆಗಾರಿಕೆಯ ಬಗ್ಗೆ ಅದರಲ್ಲಿ ಹೆಚ್ಚೇನೂ ಇರುವುದಿಲ್ಲ. ಕೊನೆಯಲ್ಲಿ ಒಂದು ಸಾಲು ಮಾತ್ರ, ವೆಂಡರ್ ಜಾಲತಾಣದಲ್ಲಿರುವ ಮೂಲ ಷರತ್ತುಗಳು ಇದರ ಭಾಗವೆಂದು ಹೇಳುತ್ತದೆ. ಆ ಮೂಲ ಷರತ್ತುಗಳು ತಮ್ಮ ಪಾಲಿಗೆ ದತ್ತಾಂಶ ಸಂಸ್ಕರಣೆಯ ಒಪ್ಪಂದ, ಸೇವಾ ಮಟ್ಟದ ಒಪ್ಪಂದ ಮತ್ತು ಬಳಕೆಯ ನಿಯಮಗಳತ್ತ ಕೈತೋರಿಸುತ್ತವೆ. ಈ ಐದೂ ಸೇರಿದರೆ ಮಾತ್ರ ಕರಾರು ಪೂರ್ಣ. ಪ್ರತಿಯೊಂದು ಪುಟವನ್ನೂ ಅದೇ ದಿನ ಪಿಡಿಎಫ್ ಆಗಿ ಉಳಿಸಿ, ಕಡತದ ಹೆಸರಿನಲ್ಲಿಯೇ ದಿನಾಂಕ ಬರೆದಿಡಬೇಕು. ಜಾಲತಾಣದ ಷರತ್ತುಗಳನ್ನು ಕಾಲಕಾಲಕ್ಕೆ ಬದಲಿಸುವ ಹಕ್ಕನ್ನು ಬಹುತೇಕ ವೆಂಡರ್‌ಗಳು ಉಳಿಸಿಕೊಂಡಿರುತ್ತಾರೆ.

ಮೊದಲು ಓದಬೇಕಾದದ್ದು, ದಾಖಲೆಗಳ ನಡುವೆ ವಿರೋಧ ಬಂದಾಗ ಯಾವುದು ಮೇಲು ಎಂದು ತಿಳಿಸುವ ಷರತ್ತು. ಅದನ್ನು ಬಿಟ್ಟರೆ ಉಳಿದ ಓದೆಲ್ಲ ಅರೆಬರೆ, ಏಕೆಂದರೆ ಒಂದು ದಾಖಲೆಯಲ್ಲಿ ಧಾರಾಳವಾಗಿ ಕೊಟ್ಟದ್ದನ್ನು ಅದಕ್ಕಿಂತ ಮೇಲಿನ ದಾಖಲೆ ಹಿಂದಕ್ಕೆ ಪಡೆದಿರಬಹುದು.

ಎಂಬತ್ತು ಪುಟಗಳಲ್ಲಿ ಈ ಷರತ್ತುಗಳನ್ನು ಹುಡುಕುವುದು ಹೇಗೆ?

ಹೊಣೆಗಾರಿಕೆಯ ಮುಖ್ಯ ಷರತ್ತು ಸಿಗುವುದು ಕಷ್ಟವಲ್ಲ; ಅಮೆರಿಕದ ರೂಢಿಯಂತೆ ಅದು ಬಹಳ ಸಲ ಪೂರ್ತಿ ದೊಡ್ಡಕ್ಷರದಲ್ಲಿರುತ್ತದೆ. ತಪ್ಪಿಹೋಗುವುದು ಚದುರಿ ಬಿದ್ದಿರುವ ತುಣುಕುಗಳು. ಆದ್ದರಿಂದ ಪ್ರತಿ ದಾಖಲೆಯಲ್ಲೂ ಈ ಪದಗಳನ್ನು ಒಂದೊಂದಾಗಿ ಹುಡುಕುವುದು ಒಳ್ಳೆಯದು:

```
liab
indemn
hold harmless
aggregate
preceding
in no event
notwithstanding
sole and exclusive
credits
cause of action
```

ಪದದ ಮೊದಲ ಭಾಗವನ್ನಷ್ಟೇ ಕೊಟ್ಟರೆ ಅದರ ಎಲ್ಲ ರೂಪಗಳೂ ಸಿಗುತ್ತವೆ. ಸಿಕ್ಕ ಪ್ರತಿ ವಾಕ್ಯವನ್ನೂ ಷರತ್ತಿನ ಸಂಖ್ಯೆಯ ಸಮೇತ ಮೂಲ ಇಂಗ್ಲಿಷಿನಲ್ಲಿಯೇ ಒಂದು ಹಾಳೆಗೆ ನಕಲಿಸಬೇಕು. ಸಾರಾಂಶ ಬರೆಯುವ ಹೊತ್ತು ಇನ್ನೂ ಬಂದಿಲ್ಲ. "ಬೇರೆಡೆ ಏನೇ ಹೇಳಿದ್ದರೂ" ಎಂಬ ಧಾಟಿಯಲ್ಲಿ ಆರಂಭವಾಗುವ ವಾಕ್ಯಗಳಿಗೆ ಗುರುತು ಹಾಕಿ ಎರಡು ಸಲ ಓದಬೇಕು.

"ಹಿಂದಿನ 12 ತಿಂಗಳಲ್ಲಿ ಪಾವತಿಸಿದ ಶುಲ್ಕ" ಎಂದಿದ್ದರೆ ಪಟ್ಟಿಯಲ್ಲಿ 36 ಲಕ್ಷ ಎಂದು ಬರೆಯಬಹುದೇ?

ಬರೆಯಬಾರದು. ಈ ಕೆಲಸದಲ್ಲಿ ಅತಿ ಹೆಚ್ಚು ನಡೆಯುವ ತಪ್ಪು ಇದೇ. ಹೊಣೆಗಾರಿಕೆ ಮಿತಿಯೆಂಬುದು ಕರಾರಿನಲ್ಲಿ ಅಂಕಿಯಾಗಿ ಕೂತಿರುವುದಿಲ್ಲ. ಅದೊಂದು ಲೆಕ್ಕ, ಮತ್ತು ಘಟನೆ ನಡೆದ ದಿನ ಯಾವುದು ಎಂದು ಹೇಳುವವರೆಗೆ ಅದಕ್ಕೆ ಉತ್ತರವಿಲ್ಲ.

ನಮ್ಮ ಉದಾಹರಣೆಯ ಷರತ್ತು 11.2 ಹೀಗಿದೆ: ವೆಂಡರ್‌ನ ಒಟ್ಟು ಹೊಣೆಗಾರಿಕೆಯು, ಆ ಹೊಣೆಗಾರಿಕೆಗೆ ಕಾರಣವಾದ ಘಟನೆಗೆ ನಿಕಟಪೂರ್ವದ 12 ತಿಂಗಳಲ್ಲಿ ಸಂಬಂಧಪಟ್ಟ ಆರ್ಡರ್ ಫಾರಂ ಅಡಿ ಗ್ರಾಹಕರು ವಾಸ್ತವವಾಗಿ ಪಾವತಿಸಿದ ಶುಲ್ಕವನ್ನು ಮೀರತಕ್ಕದ್ದಲ್ಲ. ಸೇವೆ ಏಪ್ರಿಲ್ 1ರಂದು ಆರಂಭವಾಯಿತು. ವೆಂಡರ್‌ನ ಸರ್ವರ್‌ಗೆ ಮೇ 10ರಂದು ಯಾರೋ ನುಗ್ಗಿ ನೌಕರರ ಪ್ಯಾನ್, ಬ್ಯಾಂಕ್ ಖಾತೆಯ ವಿವರಗಳನ್ನು ಕದ್ದರು, ಆದರೆ ಅದು ಬೆಳಕಿಗೆ ಬಂದದ್ದು ಅಕ್ಟೋಬರ್ 20ರಂದು. ಪತ್ತೆಯಾಗುವ ಹೊತ್ತಿಗೆ ಕಂಪನಿ ಮೂರು ಕಂತು, ಅಂದರೆ 27 ಲಕ್ಷ ಕಟ್ಟಿದೆ. ಆದರೆ ಷರತ್ತು ಎಣಿಸುವುದು ಘಟನೆಯ ದಿನದಿಂದ ಹಿಂದಕ್ಕೆ. ಮೇ 10ಕ್ಕೆ ಮೊದಲು ಕಟ್ಟಿದ್ದು ಏಪ್ರಿಲ್ ಕಂತು ಒಂದೇ. ಆದ್ದರಿಂದ ಮಿತಿ 9 ಲಕ್ಷ. ಅಳವಡಿಕೆಯ 8 ಲಕ್ಷ ಬೇರೆ ವರ್ಕ್ ಆರ್ಡರ್‌ನದು. "ಸಂಬಂಧಪಟ್ಟ ಆರ್ಡರ್ ಫಾರಂ" ಎಂಬ ಮಾತು ಅದನ್ನು ಹೊರಗಿಡುತ್ತದೆ.

"ಪಾವತಿಸಿದ" ಎಂಬುದರ ಜೊತೆಗೆ "ಪಾವತಿಸಬೇಕಾದ" ಎಂದು ಸೇರಿಸಿಕೊಂಡರೆ ಸಾಕೆಂದು ಹಲವರು ಭಾವಿಸುತ್ತಾರೆ. ಸಾಲದು. ಆ ತಿದ್ದುಪಡಿ ಬಾಕಿ ಉಳಿದ ಬಿಲ್ಲನ್ನು ಸೇರಿಸುತ್ತದೆಯೇ ಹೊರತು, ಇನ್ನೂ ಗಡುವು ಬಾರದ ಕಂತುಗಳನ್ನು ಸೇರಿಸುತ್ತದೆಂದು ನಂಬುವಂತಿಲ್ಲ. ಮೇ 10ಕ್ಕೆ ಹಿಂದಿನ ಹನ್ನೆರಡು ತಿಂಗಳಲ್ಲಿ ಕಟ್ಟಬೇಕಾಗಿದ್ದದ್ದೂ 9 ಲಕ್ಷವೇ. ಮೊದಲ ವರ್ಷದ ಈ ಕೊರತೆಯನ್ನು ತುಂಬುವುದು ಬೇರೆಯೇ ವಾಕ್ಯ: ಸೇವೆ ಆರಂಭವಾಗಿ 12 ತಿಂಗಳು ತುಂಬಿರದಿದ್ದಲ್ಲಿ ಪೂರ್ಣ ಒಂದು ವರ್ಷದ ಶುಲ್ಕವನ್ನೇ ಮಿತಿಯೆಂದು ಎಣಿಸತಕ್ಕದ್ದು.

ಇನ್ನೂ ಒಂದು ಸಂಗತಿಯಿದೆ. ಮಿತಿಯು ಪ್ರತಿ ಕ್ಲೇಮಿಗೆ ಪ್ರತ್ಯೇಕವೋ, ಇಡೀ ಕರಾರಿಗೆ ಒಟ್ಟಾರೆಯೋ? ಒಟ್ಟಾರೆಯೆಂದಾದರೆ ಅದು ಖರ್ಚಾಗುತ್ತ ಹೋಗುತ್ತದೆ. ಹಿಂದಿನ ಯಾವುದೋ ವಿವಾದದಲ್ಲಿ ವೆಂಡರ್ 2 ಲಕ್ಷ ಕೊಟ್ಟಿದ್ದರೆ ಈಗ ಉಳಿಯುವುದು 7 ಲಕ್ಷ. ಸೇವೆ ಕುಂದಿದಾಗ ಕೊಡುವ ಕ್ರೆಡಿಟ್‌ಗಳನ್ನೂ ಇದರಿಂದ ಕಳೆಯುವ ಕರಾರುಗಳಿವೆ. ಹಾಗೆ ಬರೆದಿದ್ದರೆ ಅದನ್ನೂ ಪಟ್ಟಿಯಲ್ಲಿ ನಮೂದಿಸಬೇಕು.

ಮಿತಿಗೆ ಒಳಪಡದ ಸಂಗತಿಗಳ ಪಟ್ಟಿಯೊಂದು ಕರಾರಿನಲ್ಲಿರುತ್ತದೆ. ಅದು ನಮಗೆ ಅನುಕೂಲವಲ್ಲವೇ?

ಯಾರ ಮಿತಿಯನ್ನು ತೆಗೆಯುತ್ತಿದೆ ಎಂದು ನೋಡಿ ಹೇಳಬೇಕು. ನಮ್ಮ ಷರತ್ತು 11.3 ನಾಲ್ಕು ಸಂಗತಿಗಳನ್ನು ಮಿತಿಯಿಂದ ಹೊರಗಿಡುತ್ತದೆ: ಬೌದ್ಧಿಕ ಆಸ್ತಿಯ ಕುರಿತು ವೆಂಡರ್ ಕೊಟ್ಟ ನಷ್ಟಭರ್ತಿ, ಗ್ರಾಹಕರು ಕಟ್ಟಬೇಕಾದ ಶುಲ್ಕ, ಗ್ರಾಹಕರಿಂದಾದ ಪರವಾನಗಿ ಉಲ್ಲಂಘನೆ ಮತ್ತು ಗ್ರಾಹಕರು ಕೊಟ್ಟ ನಷ್ಟಭರ್ತಿ. ನಾಲ್ಕರಲ್ಲಿ ಮೂರು ನಮ್ಮ ಮೇಲಿನ ಹೊರೆ. ಪಟ್ಟಿಯಲ್ಲಿ ವೆಂಡರ್‌ನ ಹೊಣೆಯನ್ನಷ್ಟೇ ಬರೆದು ನಮ್ಮ ಹೊಣೆಯ ಸಾಲನ್ನು ಬಿಟ್ಟರೆ, ವೆಂಡರ್ 9 ಲಕ್ಷಕ್ಕೆ ನಿಂತಿರುವಾಗ ನಾವು ಮಿತಿಯೇ ಇಲ್ಲದೆ ನಿಂತಿದ್ದೇವೆ ಎಂಬುದು ಸಹಿ ಹಾಕುವವರ ಕಣ್ಣಿಗೆ ಬೀಳುವುದಿಲ್ಲ.

"ಪರೋಕ್ಷ ನಷ್ಟಕ್ಕೆ ಹೊಣೆಯಲ್ಲ" ಎಂಬುದು ಎಲ್ಲ ಕರಾರಿನಲ್ಲೂ ಇದೆ. ಅದಕ್ಕೇಕೆ ಪ್ರತ್ಯೇಕ ಸಾಲು?

ಅಷ್ಟೇ ಇದ್ದರೆ ನಾನೂ ತಲೆಕೆಡಿಸಿಕೊಳ್ಳುವುದಿಲ್ಲ. ಭಾರತೀಯ ಕರಾರು ಅಧಿನಿಯಮ, 1872ರ 73ನೇ ಕಲಮೇ ದೂರದ ಮತ್ತು ಪರೋಕ್ಷ ನಷ್ಟಕ್ಕೆ ಪರಿಹಾರ ಕೊಡುವುದಿಲ್ಲ. ಕರಾರು ಅದನ್ನು ಮತ್ತೊಮ್ಮೆ ಹೇಳಿದರೆ ಹೆಚ್ಚಿನ ಹಾನಿಯಿಲ್ಲ. ನೋಡಬೇಕಾದದ್ದು ಅದರ ಹಿಂದೆಯೇ ಬರುವ ಸಾಲು. ನಮ್ಮ ಷರತ್ತು 11.1 ಪರೋಕ್ಷ ನಷ್ಟವನ್ನು ಹೊರಗಿಟ್ಟ ಮೇಲೆ, ಲಾಭದ ನಷ್ಟ, ದತ್ತಾಂಶದ ನಷ್ಟ ಮತ್ತು ಬದಲಿ ಸೇವೆ ಪಡೆಯುವ ವೆಚ್ಚವನ್ನು "ನೇರವಾಗಿರಲಿ, ಪರೋಕ್ಷವಾಗಿರಲಿ" ಹೊರಗಿಡುತ್ತದೆ. ಸಂಬಳದ ತಂತ್ರಾಂಶ ಕೈಕೊಟ್ಟಾಗ ಆಗುವ ನೇರ ನಷ್ಟವೆಂದರೆ ಕಳೆದುಹೋದ ದಾಖಲೆಗಳನ್ನು ಮತ್ತೆ ಕಟ್ಟುವುದು ಮತ್ತು ಆ ತಿಂಗಳ ಸಂಬಳಕ್ಕೆ ಬೇರೆಯವರನ್ನು ಹಿಡಿಯುವುದು ತಾನೇ? ಅವೆರಡೂ ಇಲ್ಲಿ ಹೊರಗುಳಿದವು. ಅಂದರೆ 9 ಲಕ್ಷದ ಮಿತಿಯೂ ಕಾಗದದ ಮೇಲಿನದು. ಅದರೊಳಗೆ ಕೇಳಬಹುದಾದ ನಷ್ಟವೇ ಹೆಚ್ಚು ಉಳಿದಿಲ್ಲ.

ಇದನ್ನು ಪಟ್ಟಿಯಲ್ಲಿ "ಪರೋಕ್ಷ ನಷ್ಟ: ಇಲ್ಲ" ಎಂದು ಬರೆಯುವ ಬದಲು, ಹೊರಗಿಟ್ಟ ನೇರ ನಷ್ಟಗಳ ಹೆಸರನ್ನೇ ಬರೆಯಬೇಕು.

ನಷ್ಟಭರ್ತಿಯ ಷರತ್ತು ಇದೆ ಎಂದು ಗುರುತಿಸಿದರೆ ಸಾಲದೇ?

ಖರೀದಿಯವರ ಮಾತಿನಲ್ಲಿ "ಇಂಡೆಮ್ನಿಟಿ ಕೊಟ್ಟಿದ್ದಾರೆ" ಎಂಬುದು ಒಂದು ನೆಮ್ಮದಿಯ ವಾಕ್ಯ. ಯಾರ ಕ್ಲೇಮಿಗೆ, ಯಾವ ಕಾರಣಕ್ಕೆ, ಯಾವ ಶರ್ತಕ್ಕೆ ಒಳಪಟ್ಟು ಕೊಟ್ಟಿದ್ದಾರೆ ಎಂದು ಕೇಳಿದಾಗ ಅದು ಕಿರಿದಾಗುತ್ತ ಹೋಗುತ್ತದೆ.

ನಮ್ಮ ಷರತ್ತು 10.1ರ ಪ್ರಕಾರ, ತಂತ್ರಾಂಶವು ತಮ್ಮ ಪೇಟೆಂಟ್ ಅಥವಾ ಕೃತಿಸ್ವಾಮ್ಯವನ್ನು ಉಲ್ಲಂಘಿಸಿದೆ ಎಂದು ಮೂರನೆಯವರು ದಾವೆ ಹೂಡಿದರೆ ವೆಂಡರ್ ವಕೀಲರನ್ನು ಇಟ್ಟು ಎದುರಿಸುತ್ತಾರೆ ಮತ್ತು ಅಂತಿಮವಾಗಿ ತೀರ್ಮಾನವಾದ ಪರಿಹಾರವನ್ನು ಕಟ್ಟುತ್ತಾರೆ. ನಮಗೇ ಆದ ನಷ್ಟ ಇದರಲ್ಲಿ ಬರುವುದಿಲ್ಲ. ದತ್ತಾಂಶ ಸೋರಿಕೆಯಿಂದ ನೌಕರರು ನಮ್ಮ ಮೇಲೆ ಹಾಕುವ ದಾವೆಯೂ ಬರುವುದಿಲ್ಲ. ನಮ್ಮ ಇತರ ತಂತ್ರಾಂಶದೊಂದಿಗೆ ಜೋಡಿಸಿ ಬಳಸಿದ್ದರಿಂದ ಉಲ್ಲಂಘನೆ ಉಂಟಾಗಿದ್ದರೆ ಅದೂ ಹೊರಗೆ. ಸಂಬಳದ ತಂತ್ರಾಂಶವನ್ನು ಹಾಜರಾತಿ ಯಂತ್ರಕ್ಕೂ ಲೆಕ್ಕಪತ್ರದ ವ್ಯವಸ್ಥೆಗೂ ಜೋಡಿಸದೆ ಬಳಸುವವರು ಯಾರು?

ಪ್ರಕ್ರಿಯೆಯ ಶರ್ತಗಳಿಗೂ ಪಟ್ಟಿಯಲ್ಲಿ ಜಾಗ ಬೇಕು. ಸಾಮಾನ್ಯವಾಗಿ ಮೂರಿರುತ್ತವೆ: ದಾವೆಯ ಸುದ್ದಿಯನ್ನು ಕೂಡಲೇ ತಿಳಿಸಬೇಕು, ಅದನ್ನು ನಡೆಸುವ ಪೂರ್ಣ ಅಧಿಕಾರ ವೆಂಡರ್‌ಗೆ ಬಿಟ್ಟುಕೊಡಬೇಕು, ಸಹಕರಿಸಬೇಕು. ತಡವಾಗಿ ತಿಳಿಸಿದರೆ ನಷ್ಟಭರ್ತಿಯೇ ಬಿದ್ದುಹೋಗುತ್ತದೆಯೋ, ಇಲ್ಲವೇ ತಡದಿಂದ ವೆಂಡರ್‌ಗೆ ತೊಂದರೆಯಾದಷ್ಟು ಮಾತ್ರ ತಗ್ಗುತ್ತದೆಯೋ ಎಂಬುದು ದೊಡ್ಡ ವ್ಯತ್ಯಾಸ. ಎರಡನೆಯದನ್ನು ಕೇಳಿದರೆ ಸಾಮಾನ್ಯವಾಗಿ ಯಾರೂ ಜಗ್ಗಾಡುವುದಿಲ್ಲ, ಕೇಳುವವರೇ ಕಡಿಮೆ.

10.2 ನಾವು ವೆಂಡರ್‌ಗೆ ಕೊಡುವ ನಷ್ಟಭರ್ತಿ: ಗ್ರಾಹಕರು ತುಂಬಿದ ದತ್ತಾಂಶಕ್ಕೆ ಸಂಬಂಧಿಸಿದ ಯಾವುದೇ ಕ್ಲೇಮು. "ಸಂಬಂಧಿಸಿದ" ಎಂಬುದು ಬಹಳ ಅಗಲವಾದ ಮಾತು. ಕದ್ದುಹೋದದ್ದು ನಾವು ತುಂಬಿದ ದತ್ತಾಂಶವೇ ಆದ್ದರಿಂದ, ವೆಂಡರ್‌ನ ಸರ್ವರ್‌ನಿಂದಾದ ಸೋರಿಕೆಯ ದಾವೆಗೂ ನಾವೇ ನಷ್ಟಭರ್ತಿ ಮಾಡಬೇಕೆಂದು ವಾದಿಸಲು ಇದು ಎಡೆಕೊಡುತ್ತದೆ. ವೆಂಡರ್‌ನ ಉಲ್ಲಂಘನೆಯಿಂದ ಹುಟ್ಟಿದ ಕ್ಲೇಮುಗಳನ್ನು ಬಿಟ್ಟು ಎಂಬ ಐದು ಪದಗಳಷ್ಟು ಚಿಕ್ಕ ಸೇರ್ಪಡೆಯಿಂದ ಇದು ಸರಿಹೋಗುತ್ತದೆ.

ದತ್ತಾಂಶ ಸಂಸ್ಕರಣೆಯ ಒಪ್ಪಂದ ಬೇರೆಯೇ ಇದೆಯಲ್ಲ, ಸೋರಿಕೆಗೆ ಅದರಲ್ಲಿ ಪರಿಹಾರವಿಲ್ಲವೇ?

ಅದರಲ್ಲಿ ಕರ್ತವ್ಯಗಳಿರುತ್ತವೆ; ಹಣ ಇರುವುದು ಅಪರೂಪ. ಕೊನೆಯ ಪುಟದ ಹತ್ತಿರ, ಈ ಒಪ್ಪಂದದಡಿಯ ಹೊಣೆಗಾರಿಕೆಯೂ ಮೂಲ ಷರತ್ತುಗಳ ಮಿತಿಗೆ ಒಳಪಟ್ಟಿದೆ ಎಂಬ ಒಂದು ವಾಕ್ಯವನ್ನು ನೋಡಿ. ಅದು ಇದ್ದರೆ ಸೋರಿಕೆಗೂ ಅದೇ 9 ಲಕ್ಷ.

ಮಾತುಕತೆಗೆ ಬಗ್ಗುವ ವೆಂಡರ್‌ಗಳು ದತ್ತಾಂಶ ಸೋರಿಕೆಗೆಂದೇ ಮೇಲ್ಮಿತಿಯೊಂದನ್ನು ಕೊಡುತ್ತಾರೆ, ಉದಾಹರಣೆಗೆ ಸಾಮಾನ್ಯ ಮಿತಿಯ ಮೂರು ಪಟ್ಟು. ಇಲ್ಲಿ ಯಾವುದರ ಮೂರು ಪಟ್ಟು ಎಂದು ನೋಡಬೇಕು. 9 ಲಕ್ಷದ ಮೂರು ಪಟ್ಟು 27 ಲಕ್ಷ. ವಾರ್ಷಿಕ ಶುಲ್ಕದ ಮೂರು ಪಟ್ಟು 1 ಕೋಟಿ 8 ಲಕ್ಷ. ಜೊತೆಗೆ, ಮೇಲ್ಮಿತಿ ಸಾಮಾನ್ಯ ಮಿತಿಗೆ ಹೆಚ್ಚುವರಿಯೋ, ಅದನ್ನು ಒಳಗೊಂಡದ್ದೋ ಎಂಬುದನ್ನೂ ಬರೆದುಕೊಳ್ಳಬೇಕು.

ಭಾರತದ ಖರೀದಿದಾರರಿಗೆ ಇದು ಬರಿಯ ಚೌಕಾಸಿಯ ಮಾತಲ್ಲ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023ರ 8ನೇ ಕಲಂ, ಯಾವುದೇ ಒಪ್ಪಂದ ಏನೇ ಹೇಳಿದರೂ, ತನ್ನ ಪರವಾಗಿ ದತ್ತಾಂಶ ಸಂಸ್ಕರಿಸುವವರ ಕೆಲಸಕ್ಕೂ ದತ್ತಾಂಶ ಸಂಗ್ರಹಿಸಿದ ಸಂಸ್ಥೆಯನ್ನೇ ಹೊಣೆ ಮಾಡುತ್ತದೆ. ಸೋರಿಕೆ ತಡೆಯಲು ತಕ್ಕ ಭದ್ರತಾ ಕ್ರಮ ಕೈಗೊಳ್ಳದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಅಂಥ ದಂಡವನ್ನು ನಷ್ಟಭರ್ತಿಯ ಮೂಲಕ ವೆಂಡರ್‌ನಿಂದ ವಸೂಲು ಮಾಡಲು ಬರುತ್ತದೆಯೇ ಎಂಬುದನ್ನು ಕಾನೂನು ವಿಭಾಗಕ್ಕೆ ಬಿಡಬೇಕು. ಪಟ್ಟಿಯಲ್ಲಿ ಅದನ್ನು ತೆರೆದ ಪ್ರಶ್ನೆಯೆಂದೇ ಬರೆಯಿರಿ.

ದಾವೆ ಹೂಡುವ ಅವಧಿಯನ್ನು ಒಂದು ವರ್ಷಕ್ಕೆ ಇಳಿಸಿರುವ ಷರತ್ತು ನಡೆಯುತ್ತದೆಯೇ?

ಭಾರತದ ಕಾನೂನು ಅನ್ವಯವಾಗುವ ಕರಾರಿನಲ್ಲಿ ನಡೆಯುವುದಿಲ್ಲ. ಕಾಲಮಿತಿ ಅಧಿನಿಯಮ, 1963ರ ಪ್ರಕಾರ ಕರಾರು ಭಂಗದ ಪರಿಹಾರಕ್ಕೆ ಸಾಮಾನ್ಯವಾಗಿ ಮೂರು ವರ್ಷ ಕಾಲಾವಕಾಶವಿದೆ. ಅದನ್ನು ಕಡಿತಗೊಳಿಸುವ ಷರತ್ತನ್ನೂ, ಗೊತ್ತುಪಡಿಸಿದ ಅವಧಿ ಮುಗಿದ ಮೇಲೆ ಹಕ್ಕನ್ನೇ ಅಳಿಸುವ ಷರತ್ತನ್ನೂ ಕರಾರು ಅಧಿನಿಯಮದ 28ನೇ ಕಲಂ ಅನೂರ್ಜಿತಗೊಳಿಸುತ್ತದೆ. ಎರಡನೆಯದು 1997ರ ತಿದ್ದುಪಡಿಯಿಂದ ಸೇರಿದ್ದು.

ಆದರೆ ನಮ್ಮ ಕರಾರಿಗೆ ನ್ಯೂಯಾರ್ಕ್ ಕಾನೂನು. ಅಲ್ಲಿ ಕರಾರಿನ ದಾವೆಗೆ ಸಾಮಾನ್ಯ ಅವಧಿ ಆರು ವರ್ಷವಾದರೂ, ಉಭಯರು ಲಿಖಿತವಾಗಿ ಅದನ್ನು ಕಡಿಮೆ ಮಾಡಿಕೊಳ್ಳಲು ಕಾನೂನೇ ಅವಕಾಶ ಕೊಡುತ್ತದೆ. ಹೀಗಾಗಿ ನಮ್ಮ ಷರತ್ತು 14.6 ಹೇಳುವ ಒಂದು ವರ್ಷವನ್ನು ನಿಜವೆಂದೇ ಹಿಡಿಯಬೇಕು. ಆ ವರ್ಷ ದಾವೆಗೆ ಕಾರಣ ಹುಟ್ಟಿದ ದಿನದಿಂದ ಓಡಲು ಆರಂಭಿಸಿದರೆ, ಅದು ನಮ್ಮ ಉದಾಹರಣೆಯಲ್ಲಿ ಮೇ 10ಕ್ಕೂ ಮೊದಲೇ ಇರಬಹುದು, ಮತ್ತು ಅಕ್ಟೋಬರ್ 20ಕ್ಕೆ ಸುದ್ದಿ ತಿಳಿಯುವ ಹೊತ್ತಿಗೆ ಐದು ತಿಂಗಳಿಗೂ ಹೆಚ್ಚು ಕಳೆದಿರುತ್ತದೆ. ಪಟ್ಟಿಯಲ್ಲಿ ಅವಧಿಯ ಪಕ್ಕದಲ್ಲೇ ಅನ್ವಯವಾಗುವ ಕಾನೂನನ್ನು ಬರೆಯದಿದ್ದರೆ ಆ ಸಾಲಿಗೆ ಅರ್ಥವಿಲ್ಲ.

ಇಷ್ಟು ಕಡಿಮೆ ಮಿತಿಯನ್ನು ನಮ್ಮ ನ್ಯಾಯಾಲಯಗಳು ಒಪ್ಪುತ್ತವೆಯೇ?

ವ್ಯಾಪಾರಸ್ಥರ ನಡುವಿನ ಕರಾರಿನಲ್ಲಿ ಒಪ್ಪುತ್ತವೆ ಎಂದೇ ಭಾವಿಸಿ ಪಟ್ಟಿ ಮಾಡುವುದು ಕ್ಷೇಮ. ಭಾರತಿ ನಿಟ್ಟಿಂಗ್ ಕಂಪನಿ ಮತ್ತು ಡಿಎಚ್ಎಲ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ, ಕೊರಿಯರ್‌ನ ರವಾನೆ ಚೀಟಿಯಲ್ಲಿದ್ದ 100 ಅಮೆರಿಕನ್ ಡಾಲರ್ ಮಿತಿಯನ್ನು ಎತ್ತಿಹಿಡಿಯಿತು. ಸಹಿ ಮಾಡಿದ ದಾಖಲೆಯ ಷರತ್ತುಗಳಿಗೆ ಸಹಿ ಮಾಡಿದವರು ಬದ್ಧರು ಎಂಬುದೇ ಅದರ ತಿರುಳು. ಓದಿರಲಿಲ್ಲ ಎಂಬ ಉತ್ತರಕ್ಕೆ ಅಲ್ಲಿ ಹೆಚ್ಚು ಬೆಲೆ ಸಿಗಲಿಲ್ಲ.

ಕೊನೆಗೆ ಪಟ್ಟಿ ಹೇಗಿರಬೇಕು?

ಒಂದು ಪುಟ ದಾಟಬಾರದು. ಮೂಲ ವಾಕ್ಯಗಳ ಹಾಳೆಯನ್ನು ಹಿಂದೆ ಲಗತ್ತಿಸಿ, ಮುಂದೆ ಇಷ್ಟು ಸಾಕು:

| ವಿಷಯ ಮತ್ತು ಷರತ್ತು | ಕರಾರು ಕೊಡುವುದು | ನಮ್ಮ ಸ್ಥಿತಿ | ಕೇಳಬೇಕಾದ್ದು |
|---|---|---|---|
| ಸಾಮಾನ್ಯ ಮಿತಿ, 11.2 | ಘಟನೆಗೆ ಹಿಂದಿನ 12 ತಿಂಗಳಲ್ಲಿ ಪಾವತಿಸಿದ್ದು, ಒಟ್ಟಾರೆ | ಮೇ 10ರ ಘಟನೆಗೆ 9 ಲಕ್ಷ. ಎರಡನೇ ವರ್ಷದ ಮೇ 10ಕ್ಕೆ 36 ಲಕ್ಷ | ಕನಿಷ್ಠ ಪೂರ್ಣ ವರ್ಷದ ಶುಲ್ಕ |
| ಹೊರಗಿಟ್ಟ ನೇರ ನಷ್ಟ, 11.1 | ದತ್ತಾಂಶ ನಷ್ಟ, ಬದಲಿ ಸೇವೆ, ಲಾಭ | ದಾಖಲೆ ಮರುನಿರ್ಮಾಣದ ವೆಚ್ಚ ಸಿಗದು | ದತ್ತಾಂಶ ನಷ್ಟ, ಬದಲಿ ಸೇವೆಯ ವೆಚ್ಚವನ್ನು ನೇರ ನಷ್ಟವೆಂದು ಒಪ್ಪುವುದು |
| ದತ್ತಾಂಶ ಸೋರಿಕೆ | ಸಾಮಾನ್ಯ ಮಿತಿಯೊಳಗೇ | ಅಂದಾಜು ವೆಚ್ಚ 52 ಲಕ್ಷ, ಕೊರತೆ 43 ಲಕ್ಷ | ವಾರ್ಷಿಕ ಶುಲ್ಕದ 3 ಪಟ್ಟು, ಪ್ರತ್ಯೇಕವಾಗಿ |
| ನಮ್ಮ ನಷ್ಟಭರ್ತಿ, 10.2 | ಮಿತಿಯಿಲ್ಲ | ವೆಂಡರ್ ತಪ್ಪಿಗೂ ಹೊಣೆ ಬರಬಹುದು | ವೆಂಡರ್ ಉಲ್ಲಂಘನೆಯನ್ನು ಹೊರಗಿಡುವುದು |
| ದಾವೆಯ ಅವಧಿ, 14.6 | 1 ವರ್ಷ, ನ್ಯೂಯಾರ್ಕ್ ಕಾನೂನು | ಪತ್ತೆಯಾಗುವ ಮೊದಲೇ ಓಡುತ್ತದೆ | ತಿಳಿದ ದಿನದಿಂದ 2 ವರ್ಷ |

52 ಲಕ್ಷ ಎಂಬುದು ಕಂಪನಿಯೇ ಮಾಡಿಕೊಂಡ ಅಂದಾಜು: ತಾಂತ್ರಿಕ ತನಿಖೆಗೆ 25, ವಕೀಲರಿಗೆ 15, ನೌಕರರಿಗೆ ತಿಳಿಸುವ ಮತ್ತು ನೆರವಾಗುವ ಖರ್ಚಿಗೆ 12. ಅಂದಾಜು ಒರಟಾಗಿದ್ದರೂ ಪರವಾಗಿಲ್ಲ, ಅದಿಲ್ಲದ ಪಟ್ಟಿಯಲ್ಲಿ ಮಿತಿ ಕಡಿಮೆಯೋ ಸಾಕೋ ಎಂದು ಹೇಳಲಾಗದು.

ಪ್ರತಿ ವೆಂಡರ್‌ಗೂ ಕೆಂಪು, ಹಳದಿ, ಹಸಿರು ಬಣ್ಣ ಕೊಡಬೇಕೇ?

ಕೊಡಿ, ಆದರೆ ಸಾಲಿಗೆ ಕೊಡಿ, ವೆಂಡರ್‌ಗೆ ಬೇಡ. ಇದೇ ಷರತ್ತುಗಳು ಸಭಾಂಗಣ ಕಾಯ್ದಿರಿಸುವ ತಂತ್ರಾಂಶಕ್ಕೆ ಬಂದಿದ್ದರೆ ಸೋರಿಕೆಯ ಸಾಲು ಹಸಿರಾಗಿಯೇ ಇರುತ್ತಿತ್ತು.

ವೆಂಡರ್ ಎಲ್ಲವನ್ನೂ ಒಪ್ಪದಿದ್ದರೆ ಯಾವುದನ್ನು ಬಿಡಬಾರದು?

ಈ ಪ್ರಕರಣದಲ್ಲಿ ನಾನು ಮೊದಲು ಹಿಡಿಯುವುದು 10.2ರ ತಿದ್ದುಪಡಿ. ಅದು ವೆಂಡರ್‌ಗೆ ಏನೂ ಖರ್ಚು ತಾರದು, ನಮಗೆ ಮಿತಿಯಿಲ್ಲದ ಅಪಾಯವನ್ನು ಮುಚ್ಚುತ್ತದೆ. ಆಮೇಲೆ ಪೂರ್ಣ ವರ್ಷದ ಕನಿಷ್ಠ ಮಿತಿ. ಅದಕ್ಕೂ ಜಗ್ಗದಿದ್ದರೆ ಇಡೀ ವರ್ಷದ ಶುಲ್ಕವನ್ನು ಒಮ್ಮೆಗೇ ಮುಂಗಡ ಕಟ್ಟಿದಲ್ಲಿ ಮಿತಿ ತಾನಾಗಿ 36 ಲಕ್ಷವಾಗುತ್ತದೆ, ಆದರೆ ಹಣಕಾಸು ವಿಭಾಗ ಅದಕ್ಕೆ ರಿಯಾಯಿತಿ ಕೇಳದೆ ಬಿಡುವುದಿಲ್ಲ, ಕೇಳಬೇಕಾದದ್ದೇ. ಸೋರಿಕೆಯ ಮೇಲ್ಮಿತಿ ಸಿಗದಿದ್ದಲ್ಲಿ, 43 ಲಕ್ಷದ ಕೊರತೆಯನ್ನು ನಮ್ಮ ಸೈಬರ್ ವಿಮೆ ತುಂಬುತ್ತದೆಯೇ, ಹೊರಗಿನ ಸೇವಾದಾರರಿಂದಾದ ಸೋರಿಕೆ ಆ ಪಾಲಿಸಿಯಲ್ಲಿ ಸೇರಿದೆಯೇ ಎಂದು ವಿಮಾ ದಲ್ಲಾಳಿಯಿಂದ ಲಿಖಿತವಾಗಿ ಪಡೆಯಬೇಕು. ಅದೂ ಇಲ್ಲವೆಂದಾದರೆ ಕೊರತೆಯನ್ನು ಒಪ್ಪಿಕೊಂಡವರು ಯಾರು ಎಂದು ಆ ಸಾಲಿನ ಮುಂದೆ ಸಹಿ ಮಾಡಿಸಿಕೊಳ್ಳಿ. ಆ ಸಹಿ ಖರೀದಿ ವ್ಯವಸ್ಥಾಪಕರದ್ದಾಗಿರಬಾರದು, ಸಂಬಳದ ವ್ಯವಸ್ಥೆಗೆ ಜವಾಬ್ದಾರರಾದ ವಿಭಾಗದ ಮುಖ್ಯಸ್ಥರದ್ದಾಗಿರಬೇಕು.

ನವೀಕರಣದ ಸಮಯದಲ್ಲಿ ಮತ್ತೆ ಎಲ್ಲವನ್ನೂ ಓದಬೇಕೇ?

ಉಳಿಸಿಟ್ಟ ಪಿಡಿಎಫ್‌ಗೂ ಜಾಲತಾಣದ ಈಗಿನ ಪುಟಕ್ಕೂ ಇರುವ ವ್ಯತ್ಯಾಸವನ್ನು ವರ್ಡ್‌ನ ಹೋಲಿಕೆಯ ಸೌಲಭ್ಯದಿಂದ ತೆಗೆದು, ಬದಲಾದ ಸಾಲುಗಳನ್ನಷ್ಟೇ ಓದಿದರೆ ಸಾಕು. ಆದರೆ ಹೋದ ಸಲ ಮಾತಾಡಿ ಗಳಿಸಿದ ತಿದ್ದುಪಡಿಗಳು ಹೊಸ ಆರ್ಡರ್ ಫಾರಂನಲ್ಲಿ ಮುಂದುವರಿದಿವೆಯೇ ಎಂಬುದನ್ನು ಬೇರೆಯಾಗಿಯೇ ಪರಿಶೀಲಿಸಬೇಕು, ಏಕೆಂದರೆ ಅವು ಹಳೆಯ ಆರ್ಡರ್ ಫಾರಂಗೆ ಮಾತ್ರ ಸೇರಿದ್ದಾಗಿದ್ದರೆ ಹೊಸದಕ್ಕೆ ಸಹಿ ಬಿದ್ದ ದಿನವೇ ಮೂಲ ಷರತ್ತುಗಳು ಮರಳಿ ಜಾರಿಗೆ ಬರುತ್ತವೆ.